ಗಿರ್ಮಿಟ್ ಬಿಟ್ಟುಹೋದ ಕಾಗದ

ಶಿವಬಸವ ನಗರದ ಗಂಗಾದೇವಿಗೆ ಮಾತಿಗೆ ಎಂದೂ ಬರವಿರಲಿಲ್ಲ. ಕಾಯಿಪಲ್ಲೆ ಮಾರುವವಳ ಜೊತೆ ಶುರುವಾದ ಮಾತು ಅವಳ ಬುಟ್ಟಿ ಖಾಲಿಯಾಗುವತನಕ ನಡೆಯುತ್ತಿತ್ತು. ಅಂಥವಳು ಖಾನಾಪುರದ ಗೆಳತಿ ಶುಭದಾಳಿಗೆ ಒಂದು ಕಾಗದ ಬರೆಯಲು ಕುಳಿತು ನಾಲ್ಕು ದಿನವಾಗಿತ್ತು. 'ಪ್ರೀತಿಯ ಶುಭದಾಗ' ಎಂಬಲ್ಲಿಗೇ ಪೆನ್ನು ನಿಂತುಬಿಟ್ಟಿತ್ತು.

ಕಾರಣವಿತ್ತು. ಎಂಟು ತಿಂಗಳ ಹಿಂದೆ ಶುಭದಾಳ ಹಿರಿಮಗಳು ಮುಗ್ಧಾಳ ಮದುವೆ ಗೊತ್ತಾದಾಗ, ಕೇಳವಣ ಮೊದಲು ನನ್ನ ಮನೆಯಲ್ಲೇ ಆಗಬೇಕು ಎಂದು ಹಟ ಹಿಡಿದವಳು ಗಂಗಾದೇವಿಯೇ. ಮದುಮಗಳನ್ನು ಮದುವೆಗೆ ಮುಂಚೆ ಕರೆದು, ಕೂರಿಸಿ, ಹೋಳಿಗೆ ಬಡಿಸಿ, ಉಡಿ ತುಂಬುವ ಆ ಊಟಕ್ಕೆ ಶುಭದಾಳ ಮನೆತನದಲ್ಲಿ ಬಹಳ ಬೆಲೆ. ಹೇಳಿದ ದಿನ ತಾಯಿ ಮಗಳಿಬ್ಬರೂ ಬಸ್ಸಿಳಿದು ಬಂದರೆ ಬಾಗಿಲಿಗೆ ಕೀಲಿ. ಒಂದು ತಾಸು ಕಟ್ಟೆಯ ಮೇಲೆ ಕೂತು, ಬಾಜು ಮನೆಯವರು ಕೊಟ್ಟ ನೀರು ಕುಡಿದು, ಮದುಮಗಳು ಉಪವಾಸವೇ ಹಿಂದಿರುಗಿದಳು.

ಗಂಗಾದೇವಿ ಅಂದು ಕೇಳವಣದ ದಿನವನ್ನೇ ಮರೆತು ಪೇಟೆಗೆ ಹೋಗಿದ್ದಳು. ಅದನ್ನು ಹೇಳಲು ಬಾಯಿ ಬರದೆ, ಸಾಂಬ್ರಾದಲ್ಲಿರುವ ತಮ್ಮ ಬಾಳೇಶನಿಗೆ ಆರಾಮ ಇರಲಿಲ್ಲ, ಓಡಿಹೋಗಿದ್ದೆ ಎಂದು ಫೋನಿನಲ್ಲಿ ಹೇಳಿಬಿಟ್ಟಳು. ಮರುವಾರವೇ ಆ ಬಾಳೇಶ ಖಾನಾಪುರದ ಸಂತೆಯಲ್ಲಿ ಶುಭದಾಳ ಎದುರಿಗೇ ಸಿಕ್ಕ, ಕೈಯಲ್ಲಿ ಕಬ್ಬಿನ ಹಾಲಿನ ಗ್ಲಾಸು ಹಿಡಿದುಕೊಂಡು. ಈಗ ಹೆಂಗದೀರಿ ಎಂದು ಅವಳು ಕೇಳಿದರೆ, ನನಗೇನಾಗೇತಿ ಎಂದು ಇವನೇ ತಿರುಗಿ ಕೇಳಿದ. ಅಂದಿನಿಂದ ಶುಭದಾ ಗಂಗಾದೇವಿಯ ಫೋನು ಎತ್ತಿರಲಿಲ್ಲ. ಮದುವೆಗೆ ಕರೆಯಲೂ ಇಲ್ಲ. ಈಗ ಕಿರಿಮಗಳು ರಸಿಕಾಳ ಮದುವೆ ಹತ್ತಿರ ಬಂದಿತ್ತು. ಇದೂ ತಪ್ಪಿದರೆ ಮೂವತ್ತು ವರ್ಷದ ಗೆಳೆತನ ಅಲ್ಲಿಗೆ ಮುಗಿದಂತೆಯೇ ಎಂದು ಗಂಗಾದೇವಿಗೆ ಗೊತ್ತಿತ್ತು.

ಸೊಸೆ ಸಪ್ನಾ ಕಾಲೇಜಿನ ಆಫೀಸಿನಲ್ಲಿದ್ದವಳು. ಅಲ್ಲಿಯ ಸುತ್ತೋಲೆಗಳನ್ನೆಲ್ಲ ಅವಳು ಫೋನಿನಲ್ಲಿರುವ ಬರೆಯುವ ಆ್ಯಪಿನಿಂದಲೇ ಬರೆಸುತ್ತಿದ್ದಳು. ಅತ್ತೆ ಒದ್ದಾಡುವುದನ್ನು ನೋಡಲಾರದೆ, ಗೆಳತಿಗೆ ಕ್ಷಮೆ ಕೇಳುವ ಕಾಗದ, ಕೇಳವಣ ತಪ್ಪಿತು, ತಮ್ಮನಿಗೆ ಆರಾಮ ಇರಲಿಲ್ಲ, ಊರು ಖಾನಾಪುರ ಎಂದು ನಾಲ್ಕು ಮಾತು ಒತ್ತಿದಳು. ಚಹಾ ಕುದಿಯುವುದರೊಳಗೆ ಒಂದು ಪುಟ ಬಂತು. ಅವಳು ಓದಿದರೆ ಗಂಗಾದೇವಿಗೆ ಸಮಾರಂಭದ ಭಾಷಣ ಕೇಳಿದ ಹಾಗಾಯಿತು. ಚಂದವೇನೋ ಇತ್ತು, ಆದರೆ ತನ್ನದು ಅನಿಸಲಿಲ್ಲ. ದಿಗಂಬರ ಕಾಕಾ ಒಮ್ಮೆ ನೋಡಲಿ ಎಂದಳು.

ಎದುರುಮನೆಯ ದಿಗಂಬರ ಕಾಕಾ ಖಾನಾಪುರ ತಾಲೂಕಿನಲ್ಲಿ ಮೂವತ್ತು ವರ್ಷ ಅಂಚೆ ಹಂಚಿದವರು. ಓದಲು ಬಾರದವರ ಮನೆಗಳಲ್ಲಿ ಕಾಗದವನ್ನು ತಾವೇ ಓದಿ ಹೇಳಿ ಬರುತ್ತಿದ್ದರು. ಅದಕ್ಕೆ ಅವರದೊಂದು ಪದ್ಧತಿಯಿತ್ತು. ಬರೆದವರ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಓದುವುದು. ಯಾರು ಬರೆದದ್ದೆಂದು ಕೇಳಿಸಿಕೊಂಡವರೇ ಹೇಳಬೇಕು. ಹೇಳಿದರೆ ಅದು ಕಾಗದ, ಇಲ್ಲದಿದ್ದರೆ ಬರೀ ಹಾಳೆ.

ಕಾಕಾ ಕನ್ನಡಕ ಏರಿಸಿ ಸಪ್ನಾಳ ಫೋನು ಹಿಡಿದರು. "ಮಲಪ್ರಭೆಯ ದಡದಲ್ಲಿ ಕೈ ಕೈ ಹಿಡಿದು ನಾವು ಕಂಡ ಕನಸುಗಳು ಇಂದಿಗೂ ನನ್ನ ಹೃದಯದಲ್ಲಿ ಹಸಿರಾಗಿವೆ" ಎಂದು ಓದಿ ನಿಂತರು.

"ಗಂಗವ್ವಾ, ಹೊಳಿ ದಂಡಿ ಮ್ಯಾಗ ನೀವಿಬ್ಬರೂ ಏನು ಕನಸ ಕಂಡ್ರಿ?"

"ಕನಸ ಎಲ್ಲಿದು ಕಾಕಾ. ಅರಿವಿ ಒಗಿತಿದ್ವಿ."

ಸಪ್ನಾ ನಕ್ಕಳು. ಕಾಕಾ ನಗಲಿಲ್ಲ, ಮುಂದೆ ಓದಿದರು. "ಅಂದು ಇಡೀ ರಾತ್ರಿ ಆಸ್ಪತ್ರೆಯಲ್ಲಿ ನನ್ನ ಸಹೋದರನ ಹಾಸಿಗೆಯ ಪಕ್ಕದಲ್ಲಿ ಕಣ್ಣೀರಿನೊಂದಿಗೆ ಕುಳಿತಿದ್ದೆ." ಫೋನು ಕೆಳಗಿಟ್ಟು, ಬಾಳೇಶಪ್ಪನನ್ನು ಯಾವ ದವಾಖಾನೆಗೆ ಹಾಕಿದ್ದಿರಿ ಎಂದು ಮೆಲ್ಲಗೆ ಕೇಳಿದರು.

ಗಂಗಾದೇವಿ ಸೆರಗಿನ ಅಂಚು ಸುತ್ತತೊಡಗಿದಳು. ತಾನು ಹೇಳಿದ್ದು ಒಂದೇ ಎಳೆ ಸುಳ್ಳು. ಈ ಫೋನು ಅದಕ್ಕೆ ದವಾಖಾನೆ ಕಟ್ಟಿ, ಹಾಸಿಗೆ ಹಾಸಿ, ಕಣ್ಣೀರೂ ಸುರಿಸಿತ್ತು. ಸಪ್ನಾ ಗಾಬರಿಯಾಗಿ, ತಾನು ದವಾಖಾನೆಯ ಮಾತೇ ಹಾಕಿರಲಿಲ್ಲ ಎಂದು ಆ್ಯಪನ್ನೇ ಕೇಳಿದಳು. ಆ ವಿವರ ನೀವು ಕೊಟ್ಟದ್ದಲ್ಲ, ಸಂದರ್ಭಕ್ಕೆ ಹೊಂದುತ್ತದೆಂದು ಸೇರಿಸಿದೆ, ಕ್ಷಮಿಸಿ ಎಂದು ಅದು ವಿನಯದಿಂದ ಒಪ್ಪಿಕೊಂಡಿತು.

"ಅದಾದ್ರೂ ಒಪ್ಪಿಕೊಂತು," ಎಂದರು ಕಾಕಾ, ಗಂಗಾದೇವಿಯ ಕಡೆ ನೋಡದೆ.

ಆಗ ಗಂಗಾದೇವಿ ಬಾಯಿಬಿಟ್ಟಳು. ಬಾಳೇಶನಿಗೆ ಏನೂ ಆಗಿರಲಿಲ್ಲ. ಅಂದು ಖಡೇ ಬಜಾರದಲ್ಲಿ ಸೀರೆ ಅಗ್ಗಕ್ಕೆ ಸಿಗುತ್ತವೆಂದು ಹೋಗಿದ್ದಳು. ಎರಡು ಸೀರೆ ಆರಿಸಿ, ಹೊರಗೆ ಬಂದು ಒಂದು ಪ್ಲೇಟು ಚುರುಮುರಿಯ ಗಿರ್ಮಿಟ್ ತಿಂದು, ಎಷ್ಟು ಚಲೋ ದಿನ ಎಂದುಕೊಂಡಿದ್ದಳು. ಅದೇ ಹೊತ್ತಿಗೆ ಮುಗ್ಧಾ ಇಲ್ಲಿ ಕಟ್ಟೆಯ ಮೇಲೆ ಹಸಿದು ಕೂತಿದ್ದಳು. ಎಂಟು ತಿಂಗಳು ಮನೆಯವರಿಗೂ ಹೇಳದ ಮಾತು ಅದು.

ಸಪ್ನಾ ಅತ್ತೆಯನ್ನು ಅಣಕಿಸಲಿಲ್ಲ. ಫೋನಿನ ಮೈಕು ಒತ್ತಿ, ಇದನ್ನೇ ಇನ್ನೊಮ್ಮೆ ಹೇಳ್ರಿ ಅತ್ತಿ ಎಂದಳು. ಗಂಗಾದೇವಿ ಹೇಳಿದ್ದು ಅಕ್ಷರವಾಗಿ ಇಳಿಯಿತು. ನಡುನಡುವೆ ಅದು ತಪ್ಪು ಕೇಳಿಸಿಕೊಂಡಲ್ಲಿ ಸಪ್ನಾ ತಿದ್ದಿದಳು. ಆಮೇಲೆ, ಹೊಸದೇನೂ ಸೇರಿಸಬೇಡ, ಇವರ ಮಾತನ್ನೇ ಇಟ್ಟು ಬರೀ ಸಾಲು ಜೋಡಿಸು ಎಂದು ಆ್ಯಪಿಗೆ ತಾಕೀತು ಮಾಡಿದಳು.

ಈ ಸಲ ಬಂದದ್ದು ಅರ್ಧ ಪುಟ. ಗಂಗಾದೇವಿ ಕೊನೆಯಲ್ಲಿ ಹೇಳಿದ್ದ 'ತಪ್ಪಾತು' ಮೊದಲ ಸಾಲಿಗೆ ಬಂದಿತ್ತು. ಅಲ್ಲಿ ಅದು ಚೆನ್ನಾಗಿಯೇ ಕೂತಿತ್ತು. ಆದರೆ ಕಾಕಾ ಓದಿ ಮುಗಿಸಿದರೂ ಗಂಗಾದೇವಿ ಕಾಯುತ್ತಲೇ ಇದ್ದಳು.

"ನನ್ನ ಗಿರ್ಮಿಟ್ ಎಲ್ಲಿ ಹೋತು?"

ಸಪ್ನಾ ಪರದೆ ಸರಿಸಿ ನೋಡಿದಳು. ವಿಷಯಕ್ಕೆ ಸಂಬಂಧವಿಲ್ಲವೆಂದು ಆ್ಯಪು ಅದನ್ನು ತೆಗೆದುಹಾಕಿತ್ತು. ಗಿರ್ಮಿಟ್ ಇರಲೇಬೇಕು, ಸೀರೆಗಿಂತ ಅದರಲ್ಲೇ ತಪ್ಪು ಹೆಚ್ಚು ಕಾಣುತ್ತದೆ ಎಂದು ಕಾಕಾ ತೀರ್ಪು ಕೊಟ್ಟರು. ಬೇಡವೆಂದರೂ ಆ್ಯಪು ಒಂದು ಸಾಲು ಸೇರಿಸಿದ್ದೂ ಅವರ ಕಣ್ಣಿಗೆ ಬಿತ್ತು: 'ನಿನಗೆ ಮುಖ ತೋರಿಸಲು ನನಗೆ ನಾಚಿಕೆಯಾಗಿದೆ.' ಇದು ನಿನ್ನದಲ್ಲ, ತೆಗೆಸು ಎಂದರು.

ಗಂಗಾದೇವಿ ಫೋನು ತೆಗೆದುಕೊಂಡು ಆ ಸಾಲನ್ನು ನೋಡಿದಳು. ಮೊದಲ ಕಾಗದದ ಕನಸು, ಕಣ್ಣೀರು ಓದಿದಾಗ ಅವಳಿಗೆ ಏನೂ ಆಗಿರಲಿಲ್ಲ. ಇದನ್ನು ಮಾತ್ರ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಇರಲಿ ಕಾಕಾ. ನಾ ಅಂದಿಲ್ಲ ಖರೇ. ಆದ್ರ ಮಾತು ಖರೇ ಐತಿ."

ಅಂದು ಸಂಜೆ ಅವಳು ಅಷ್ಟನ್ನೂ ಕೈಯಲ್ಲಿ ನಕಲು ಮಾಡಿದಳು. ಗಿರ್ಮಿಟ್ ಸೇರಿಸಿದಳು. ರಸಿಕಾಳ ಕೇಳವಣಕ್ಕೆ ಬನ್ನಿ ಎಂದು ಕರೆಯಲು ಧೈರ್ಯವಾಗದೆ, 'ನೀನು ಹ್ಞೂಂ ಅಂದರ ಬ್ಯಾಳಿ ನೆನಿಹಾಕತೀನಿ' ಎಂದಷ್ಟೇ ಕೊನೆಗೆ ಬರೆದಳು.

ಆರು ದಿನ ಸುದ್ದಿಯಿಲ್ಲ. ಏಳನೆಯ ದಿನ ಮುಂಜಾನೆ ಫೋನು ಬಂತು. ಆ ಕಡೆ ಬಸ್ಸಿನ ಸದ್ದು, ಅದರ ಮೇಲೆ ಶುಭದಾಳ ದನಿ.

"ಗಂಗೂ, ಗಿರ್ಮಿಟ್ ಚಲೋ ಇತ್ತೇನು?"

ಉತ್ತರಕ್ಕೆ ಕಾಯದೆ ಶುಭದಾಳೇ ಮುಂದುವರಿಸಿದಳು. ಕಾಗದವನ್ನು ಮುಗ್ಧಾಳಿಗೂ ಓದಿ ಹೇಳಿದ್ದಳಂತೆ. ಗಿರ್ಮಿಟ್ ಬಂದಾಗ ಅವಳು ನಕ್ಕುಬಿಟ್ಟಳಂತೆ.

"ಆ ಮುಖ ತೋರಸಾಕ ನಾಚಿಕಿ ಅಂತ ಬರದೀಯಲ್ಲ, ಅದನ್ನ ಯಾರು ಹೇಳಿಕೊಟ್ರು? ನೀ ಹಂಗ ಮಾತಾಡಾಕಿ ಅಲ್ಲ."

"ಸಪ್ನಾನ ಫೋನ್ ಬರದಿತ್ತು. ನಾ ಇಟಗೊಂಡೆ."

ಆ ಕಡೆ ಶುಭದಾ ಬಸ್ಸಿನ ಸದ್ದಿನ ಮೇಲೆ ದನಿ ಏರಿಸಿದಳು.

"ಚಲೋ ಮಾಡಿದಿ. ಈಗ ಕೇಳು. ನಾನು, ರಸಿಕಾ, ಮುಗ್ಧಾ ಮೂರೂ ಮಂದಿ ಬಸ್ಸಿನ್ಯಾಗ ಅದೀವಿ. ಮುಗ್ಧಾಂದು ಹೋದ ವರ್ಷದ್ದು ಬಾಕಿ ಐತೆಲ್ಲ."

ಬೇಳೆ ನೆನೆಹಾಕಿರಲಿಲ್ಲ. ಗಂಗಾದೇವಿ ಕುಕ್ಕರನ್ನೇ ಒಲೆಗಿಟ್ಟು, ಬೆಲ್ಲ ಕುಟ್ಟಲು ಸಪ್ನಾಳಿಗೆ ಹೇಳಿದಳು. ಆಮೇಲೆ ಬಾಗಿಲ ಮೊಳೆಯಲ್ಲಿ ನೇತಾಡುತ್ತಿದ್ದ ಕೀಲಿಯನ್ನು ತೆಗೆದು ಎದುರುಮನೆಯ ಕಾಕಾನ ಕೈಗೆ ಕೊಟ್ಟು, ಇವತ್ತು ಇದು ಬಾಗಿಲಿಗೆ ಬೀಳಬಾರದು, ಸಂಜೆತನಕ ನಿಮ್ಮ ಹತ್ತಿರವೇ ಇರಲಿ ಎಂದು ಬಂದಳು.