ಆ ದಿನದ ಬುದ್ಧಿ

ಮಧುಗಿರಿ ತಾಲ್ಲೂಕು ಬಡವನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಚಿಕ್ಕಹನುಮಕ್ಕ ಎಂಬ ಬಾಣಂತಿ ತನ್ನ ಎಳೆಗೂಸನ್ನು ಎದೆಗವಚಿಕೊಂಡು ಬಾವಿಗೆ ಹಾರಿದಳು. ಹೊಲದಲ್ಲಿದ್ದವರು ಓಡಿಬಂದು ಇಬ್ಬರನ್ನೂ ಮೇಲೆತ್ತಿದರು. ಅವಳು ಬದುಕಿದಳು, ಕೂಸು ಬದುಕಲಿಲ್ಲ. ಪೊಲೀಸರು ಕೊಲೆ ಮೊಕದ್ದಮೆ ಹೂಡಿದರು. ೧೯೬೩ರ ಬೇಸಿಗೆಯ ಮಾತು ಇದು.

ನಾಲ್ಕಾರು ತಿಂಗಳು ಸಬ್ ಜೈಲಿನಲ್ಲಿದ್ದು ಮಧುಗಿರಿಯ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅವಳು ಸುಮ್ಮಸುಮ್ಮನೆ ನಕ್ಕಳು. ಹೆಸರು ಕೇಳಿದರೆ ಮಾರಮ್ಮ ಅಂದಳು. ಕೋರ್ಟಿನ ಅಂಗಳದ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು. ಅವಳ ಅಣ್ಣ ರೇಣುಕಯ್ಯ ಹಿಡಿದಿದ್ದ ವಕೀಲರು, ಈಕೆಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ವಿಚಾರಣೆ ಎದುರಿಸಲಾರಳು ಎಂದು ಅರ್ಜಿ ಕೊಟ್ಟರು. ನಿಜವೇ ಎಂದು ಪರೀಕ್ಷಿಸಿ ವರದಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಅವಳನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಅವಳನ್ನು ನೋಡಿಕೊಂಡ ಡಾಕ್ಟರು ಚನ್ನಮಲ್ಲಯ್ಯ. ಮನಸ್ಸಿನ ಪರೀಕ್ಷೆಗಳನ್ನು ಮಾಡುವ ಕೆಲಸ ಶಾಹಜಾದಿಯದು. ಶಿರಾದ ಜಾಮಿಯಾ ಮಸೀದಿಯ ಹಿಂದಿನ ಬೀದಿಯಲ್ಲಿ ಬೆಳೆದ ಹುಡುಗಿ, ಮೈಸೂರಿನಲ್ಲಿ ಎಂ.ಎ. ಮಾಡಿ, ಬೆಂಗಳೂರಿನಲ್ಲಿ ತರಬೇತಿ ಪಡೆದು ಆ ಕೆಲಸಕ್ಕೆ ಬಂದಿದ್ದಳು. ಅವಳ ಪರೀಕ್ಷೆಯಲ್ಲಿ ನೂರಾರು ವಾಕ್ಯಗಳಿದ್ದವು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಅನ್ನಬೇಕು. ಚಿಕ್ಕಹನುಮಕ್ಕನಿಗೆ ಓದು ಬರದು. ಶಾಹಜಾದಿ ಒಂದೊಂದನ್ನೇ ಆಡುಮಾತಿನಲ್ಲಿ ಓದಿ ಹೇಳುತ್ತ, ದಣಿದಾಗ ನಿಲ್ಲಿಸುತ್ತ, ಹಲವು ದಿನ ಕೂತಳು.

ಆ ವಾಕ್ಯಗಳ ನಡುವೆ ಕೆಲವು ಬೇರೆಯದೇ ಕೆಲಸಕ್ಕೆ ಇದ್ದವು. ಸಾಮಾನ್ಯರಾರೂ ಹೌದು ಅನ್ನದ, ರೋಗಿಗಳೂ ಎಲ್ಲೋ ಒಂದೆರಡಕ್ಕೆ ಮಾತ್ರ ಹೌದು ಅನ್ನುವ ವಿಚಿತ್ರ ಮಾತುಗಳು. ಚಿಕ್ಕಹನುಮಕ್ಕ ಅವಕ್ಕೆ ಹೆಚ್ಚುಕಮ್ಮಿ ಎಲ್ಲಕ್ಕೂ ಹೌದೆಂದಳು. ಅಷ್ಟರಿಂದಲೇ ನಟನೆ ಎಂದು ತೀರ್ಮಾನಿಸುವಂತಿರಲಿಲ್ಲ. ಪ್ರಶ್ನೆ ಅರ್ಥವಾಗದಿದ್ದರೂ ಹಾಗಾಗುತ್ತದೆ, ಕಾಯಿಲೆ ವಿಪರೀತವಾಗಿದ್ದರೂ ಹಾಗಾಗುತ್ತದೆ. ಶಾಹಜಾದಿ ಕೆಲವನ್ನು ಬೇರೆ ಮಾತಿನಲ್ಲಿ, ಬೇರೆ ದಿನ ಮತ್ತೆ ಕೇಳಿದಳು. ಉತ್ತರದ ತಿರುಳು ಬದಲಾಗಲಿಲ್ಲ, ಮಾತನ್ನು ತಿರುಗಿಸಿ ಕೇಳಿದಾಗ ಹೌದು ಇದ್ದದ್ದು ಇಲ್ಲ ಆಯಿತು. ಅಂದರೆ ಅರ್ಥವಾಗುತ್ತಿತ್ತು. ಇನ್ನು ಕಾಯಿಲೆಯ ಮಾತು. ಡಾಕ್ಟರು ಬಂದಾಗ ಮಣ್ಣು ತಿನ್ನುವವಳು ಉಳಿದ ಹೊತ್ತು ಪಕ್ಕದ ಮಂಚದ ಮುದುಕಿಗೆ ತಲೆ ಬಾಚುತ್ತಾಳೆ, ಹೊಟ್ಟೆತುಂಬ ಮುದ್ದೆ ಉಣ್ಣುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ ಎಂದು ವಾರ್ಡಿನ ನರ್ಸುಗಳೆಲ್ಲ ಹೇಳಿದರು.

ನಟನೆ ಎಂಬುದರಲ್ಲಿ ಇಬ್ಬರಿಗೂ ಅನುಮಾನ ಉಳಿಯಲಿಲ್ಲ. ಚನ್ನಮಲ್ಲಯ್ಯ ವರದಿ ಬರೆಯಲು ಕೂತರು. ಶಾಹಜಾದಿ ಮಾತ್ರ, ಇದು ಇವತ್ತಿನ ಬುದ್ಧಿಯ ಮಾತಾಯಿತು ಸಾರ್, ಬಾವಿಗೆ ಬಿದ್ದ ದಿನ ಹೇಗಿದ್ದಳೋ ನಮಗೆ ಗೊತ್ತಿಲ್ಲ ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಈಗ ನಟಿಸುವವರಿಗೆ ಹಿಂದೆ ಕಾಯಿಲೆ ಇರಲಿಲ್ಲ ಅನ್ನಲು ಬರುವುದಿಲ್ಲ, ಹೋಗಿ ವಿಚಾರಿಸಿ ಬನ್ನಿ, ಒಬ್ಬೊಬ್ಬರನ್ನೇ ಕೇಳಿ, ಉತ್ತರವನ್ನು ನೀವೇ ಅವರ ಬಾಯಿಗೆ ಇಡಬೇಡಿ ಎಂದರು.

ಹಳ್ಳಿಯಲ್ಲಿ ಮೊದಲು ಸಿಕ್ಕವನು ರೇಣುಕಯ್ಯ. ತಂಗಿಗೆ ಚಿಕ್ಕಂದಿನಿಂದ ಹುಚ್ಚು ಎಂದ. ಮದುವೆ ಹೇಗಾಯಿತು ಎಂದು ಕೇಳಿದರೆ ತಲೆ ತಗ್ಗಿಸಿದ. ತಂಗಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು. ಆ ಆಸೆಯಿಂದಲೇ ಅವನ ಮಾತಿಗೆ ತೂಕವಿರಲಿಲ್ಲ.

ಅತ್ತೆ ಲಕ್ಕಮ್ಮನ ಮನೆಯಲ್ಲಿ ಕೂರು ಎಂದೂ ಹೇಳಲಿಲ್ಲ. ಸೊಸೆಯ ಹೆಸರು ಎತ್ತುತ್ತಲೇ ಲಕ್ಕಮ್ಮ ಮುಖ ತಿರುಗಿಸಿದಳು. ಅವಳನ್ನು ನೇಣಿಗೆ ಹಾಕಿದರೂ ತನ್ನ ಮೊಮ್ಮಗ ಬರುವುದಿಲ್ಲ ಅಂದಳು. ಶಾಹಜಾದಿ ಹೊಸ್ತಿಲಲ್ಲೇ ಕೂತು, ಹೆರಿಗೆಯಾದ ಮೇಲಿನ ದಿನಗಳನ್ನು ನೆನಪಿದ್ದಷ್ಟು ಹೇಳಿ ಎಂದು ಕೇಳಿಕೊಂಡಳು. ಲಕ್ಕಮ್ಮ ತಿರುಗಿಸಿದ ಮುಖವನ್ನು ಇತ್ತ ತಿರುಗಿಸದೆಯೇ ಹೇಳಿದಳು.

“ಅವ್ಳು ಕಣ್ಣು ಮುಚ್ತಾನೇ ಇರ್ಲಿಲ್ಲ ಕಣಮ್ಮ. ಮಗೀನ ಮಕ ನೋಡ್ತಾ ಕೂತ್ಬುಡೋಳು. ಇದು ನನ್ ಕೂಸಲ್ಲ, ಯಾರೋ ಬದ್ಲಾಯ್ಸ್‌ಬುಟ್ಟವ್ರೆ ಅನ್ನೋಳು. ನನ್ ಕೂಸು ಬಾವಿ ಒಳ್ಗೆ ಅಳ್ತಾ ಐತೆ, ಇದುನ್ನ ಕೊಟ್ಟು ಅದುನ್ನ ಈಸ್ಕೊಂಡ್ ಬತ್ತೀನಿ ಅನ್ನೋಳು. ಗಾಳಿ ಸೋಕೈತೆ ಅಂತ ತಾಯ್ತ ಕಟ್ಟಿಸ್ದೆ. ಸರೋಯ್ತದೆ ಅನ್ಕೊಂಡಿದ್ದೆ.”

ಸೆರಗು ಬಾಯಿಗೆ ಒತ್ತಿಕೊಂಡು ಲಕ್ಕಮ್ಮ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಊರಾಚೆ ಇದ್ದ ಸೂಲಗಿತ್ತಿಗೆ ಲಕ್ಕಮ್ಮ ಹೇಳಿದ್ದು ಗೊತ್ತಿರಲಿಲ್ಲ. ಆದರೂ ಬದಲಾದ ಕೂಸಿನ ಮಾತನ್ನೇ ಹೇಳಿದಳು. ಬಾವಿಗಿಳಿದು ಎತ್ತಿದ ಓಬಳಯ್ಯ ಇನ್ನೊಂದು ಹೇಳಿದ: ಮೇಲೆ ತಂದು ಮಲಗಿಸಿದಾಗ ಸತ್ತ ಮಗು ಪಕ್ಕದಲ್ಲೇ ಇತ್ತು, ಅವಳು ಅದರತ್ತ ತಿರುಗಿಯೂ ನೋಡದೆ, ನನ್ನ ಕೂಸು ಇನ್ನೂ ಒಳಗೈತೆ, ಇಳೀರಿ ಎಂದು ಎಲ್ಲರ ಕಾಲು ಹಿಡಿಯುತ್ತಿದ್ದಳು.

ಬೆಂಗಳೂರಿಗೆ ಮರಳಿದ ಶಾಹಜಾದಿ ಚಿಕ್ಕಹನುಮಕ್ಕನ ಎದುರು ಕೂತು, ಈ ಆಟ ನಿಮ್ಮನ್ನು ಉಳಿಸುವುದಿಲ್ಲ, ಕೆಡಿಸುತ್ತದೆ ಎಂದು ಮೆಲ್ಲಗೆ ಹೇಳಿದಳು. ಹಾಗೆ ಆಡು ಎಂದು ಅಣ್ಣ ಹೇಳಿಕೊಟ್ಟಿದ್ದನ್ನು ಅವಳು ಒಪ್ಪಿಕೊಂಡಳು. ಅವತ್ತಿನಿಂದ ನಗುವುದನ್ನು ಬಿಟ್ಟಳು, ಮಣ್ಣು ಮುಟ್ಟಲಿಲ್ಲ. ಆದರೆ ಹೊಸ ಮಾತೊಂದು ಹಿಡಿದಳು. ನನಗೆ ಎಂದೂ ಏನೂ ಆಗಿರಲಿಲ್ಲ, ತಿಳಿದೂ ತಿಳಿದೂ ಮಾಡಿದೆ ಅಂದಳು. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಎಲ್ಲವೂ ತಲೆಕೆಳಗಾಗಿತ್ತು. ಎಂದಾದರೂ ಕೋಪ ಬಂದಿದೆಯೇ, ಇಲ್ಲ. ಎಂದಾದರೂ ಸುಳ್ಳು ಹೇಳಿದ್ದೀರಾ, ಇಲ್ಲ. ಯಾರಲ್ಲೂ ಇರುವ ಸಣ್ಣಪುಟ್ಟ ಕುಂದುಗಳನ್ನೂ ಅಲ್ಲಗಳೆದಿದ್ದಳು. ಮೊದಲು ಇಲ್ಲದ ಕಾಯಿಲೆಯನ್ನು ಹೊತ್ತವಳು ಈಗ, ಆ ದಿನ ನಿಜವಾಗಿ ಇದ್ದ ಕಾಯಿಲೆಯನ್ನು ಮುಚ್ಚುತ್ತಿದ್ದಳು.

ಯಾಕೆ ಎಂದು ಶಾಹಜಾದಿ ಕೇಳಿದಳು.

“ಬುದ್ಧಿ ಇರ್ಲಿಲ್ಲ ಅಂತ ನೀವ್ ಬರದ್ಬುಟ್ರೆ ನಾನ್ ಬದುಕ್‌ಬೇಕಾಯ್ತದಲ್ಲಮ್ಮ,” ಎಂದಳು ಚಿಕ್ಕಹನುಮಕ್ಕ. “ಹೆಂಗ್ ಬದುಕ್ಲಿ?”

ಶಾಹಜಾದಿ ಅವಳ ಮೇಲೆ ಸದಾ ಒಂದು ಕಣ್ಣಿಡುವಂತೆ ನರ್ಸುಗಳಿಗೆ ಹೇಳಿ ಹೋದಳು.

ವರದಿಯಲ್ಲಿ ಎಲ್ಲವನ್ನೂ ಬರೆದರು. ಮೊದಲ ಪರೀಕ್ಷೆಯಲ್ಲಿ ಹೆಚ್ಚಿಸಿ ಹೇಳಿದ್ದಾಳೆ, ಎರಡನೆಯದರಲ್ಲಿ ಮರೆಮಾಚಿದ್ದಾಳೆ, ಎರಡನ್ನೂ ನಂಬುವಂತಿಲ್ಲ. ಈಗ ಬುದ್ಧಿ ಸರಿಯಿದೆ, ವಿಚಾರಣೆ ನಡೆಯಬಹುದು. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹೇಳಿದ ಸಾಕ್ಷ್ಯ ನೋಡಿದರೆ, ಆ ದಿನ ಆಕೆಗೆ ಬಾಣಂತಿತನದಲ್ಲಿ ಬರುವ ತೀವ್ರ ಮಾನಸಿಕ ಕಾಯಿಲೆ ಇತ್ತೆಂದು ನಂಬಲು ಬಲವಾದ ಕಾರಣಗಳಿವೆ. ಉಳಿದದ್ದನ್ನು ತೀರ್ಮಾನಿಸುವುದು ಕೋರ್ಟಿಗೆ ಸೇರಿದ್ದು.

ತುಮಕೂರಿನ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಆ ಮಣ್ಣು ತಿಂದ ಆಟವನ್ನೇ ಹಿಡಿದು ಗುದ್ದಿದರು. ಒಮ್ಮೆ ನಟಿಸಿದವಳ ಬಗ್ಗೆ ಏನನ್ನು ನಂಬುವುದು ಎಂದರು. ನಾವು ನಂಬಿದ್ದು ಅವಳ ಮಾತನ್ನಲ್ಲ ಎಂದರು ಚನ್ನಮಲ್ಲಯ್ಯ. ಆಮೇಲೆ ಲಕ್ಕಮ್ಮನನ್ನು ಕರೆದರು. ನಿಮಗೆ ಸೊಸೆಯ ಮೇಲೆ ಮರುಕವೇ ಎಂದು ಅದೇ ವಕೀಲರು ಕೇಳಿದರು.

“ಇಲ್ಲ ಸ್ವಾಮಿ. ನಂಗೆ ಅವ್ಳ ಮಕ ನೋಡಕ್ಕಾಗಾಕಿಲ್ಲ. ಆದ್ರೆ ಅವತ್ತು ಅವ್ಳು ನಮ್ ಅನುಮಕ್ಕ ಆಗಿರ್ಲಿಲ್ಲ.”

ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಚಿಕ್ಕಹನುಮಕ್ಕ ಕಟಕಟೆಯಲ್ಲೇ ಕುಸಿದು ಕೂತಳು. ಅವಳು ಅತ್ತದ್ದನ್ನು ಶಾಹಜಾದಿ ನೋಡಿದ್ದು ಅದೇ ಮೊದಲು.

ಕೋರ್ಟು ಅವಳನ್ನು ಶಿಕ್ಷೆಯಿಂದ ಬಿಟ್ಟಿತು, ಆದರೆ ಮನೆಗೆ ಬಿಡಲಿಲ್ಲ. ಕಾನೂನಿನಂತೆ ಆಸ್ಪತ್ರೆಯ ಕಾವಲಿನಲ್ಲೇ ಇರಿಸಬೇಕೆಂದು ಆದೇಶವಾಯಿತು. ಯಾವ ಕಾಯಿಲೆಯೂ ಇಲ್ಲದೆ ಅವಳು ವರ್ಷಗಟ್ಟಲೆ ಆ ವಾರ್ಡಿನಲ್ಲಿ ಇದ್ದಳು. ಗಂಡ ಇನ್ನೊಂದು ಮದುವೆಯಾದ. ಬಿಡುಗಡೆಗೆ ಶಿಫಾರಸು ಹೋದರೂ, ನೋಡಿಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆದುಕೊಡಲು ಯಾರೂ ಬರಲಿಲ್ಲ. ತನ್ನ ಮಾತು ಕೇಳಿಯೇ ತಂಗಿ ಹಾಗೆ ಆಡಿದ್ದು ಕೋರ್ಟಿನಲ್ಲಿ ಬಯಲಾದಾಗಿನಿಂದ ರೇಣುಕಯ್ಯ ಊರಲ್ಲಿ ತಲೆಯೆತ್ತಿರಲಿಲ್ಲ.

ಕೊನೆಗೆ ೧೯೬೮ರಲ್ಲಿ ಅವನೇ ಬಂದು ರುಜು ಹಾಕಿದ. ಹಳ್ಳಿ ಬಿಟ್ಟು ಕೊರಟಗೆರೆಗೆ ಬಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೇನೆ, ಅಲ್ಲಿ ನಮ್ಮನ್ನು ಬಲ್ಲವರಿಲ್ಲ ಎಂದ. ಅಣ್ಣತಂಗಿ ಮುಖ ನೋಡಿಕೊಳ್ಳದೆ ಆಸ್ಪತ್ರೆಯ ಗೇಟಿನವರೆಗೆ ನಡೆದರು. ಅಲ್ಲಿ ಚಿಕ್ಕಹನುಮಕ್ಕ ನಿಂತು, ಅತ್ತೆ ಹೇಗಿದ್ದಾಳೆ ಎಂದು ಕೇಳಿದಳು. ಹೋದ ವರ್ಷ ತೀರಿಕೊಂಡಳು ಎಂದ ರೇಣುಕಯ್ಯ. ಅವಳು ಅಲ್ಲೇ ಗೋಡೆಯ ಪಕ್ಕ ಕೂತುಬಿಟ್ಟಳು. ರೇಣುಕಯ್ಯ ಬಟ್ಟೆಯ ಗಂಟು ಹಿಡಿದು ಪಕ್ಕದಲ್ಲಿ ನಿಂತ. ತುಮಕೂರಿನ ಬಸ್ಸು ತಪ್ಪಿಹೋಯಿತು, ಅವನು ಅವಳನ್ನು ಏಳು ಎನ್ನಲಿಲ್ಲ.