ಒಂದನೇ ಕ್ಲಾಸಿನ ಬಾಗಿಲಲ್ಲಿ ಆಜಿ

ದೂರದ ದ್ವೀಪದ ಊರು ಸಿಗಟೋಕಾದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವ ಧನಮತಿ ಅಜ್ಜಿಗೆ, ಅಲ್ಲಿನವರ ಬಾಯಲ್ಲಿ ಆಜಿಗೆ, ಒಂದು ವಿದ್ಯೆ ಚೆನ್ನಾಗಿ ಒಲಿದಿತ್ತು: ಮಾಯವಾಗುವುದು. ಮೊಮ್ಮಗಳು ಶಿವಾಂಜನಿಯನ್ನು ಶಿಶುವಿಹಾರಕ್ಕೆ ಬಿಟ್ಟು, ಅದು ಗೊಂಬೆ ಕಡೆ ತಿರುಗಿತೋ ಇಲ್ಲವೋ, ಆಜಿ ಪರಾರಿ. ಮಗು ಚೀರುವ ಹೊತ್ತಿಗೆ ಆಜಿ ಬಸ್ಸಿನಲ್ಲಿರುತ್ತಿದ್ದಳು. ಕೊನೆಗೆ ಆ ಹುಡುಗಿ ಗೊಂಬೆ ಮುಟ್ಟುವುದನ್ನೇ ಬಿಟ್ಟು, ಬಾಗಿಲು ಕಾಯುವ ಕೆಲಸಕ್ಕೆ ಸೇರಿಕೊಂಡಿತ್ತು. ಮಗುವನ್ನು ಮತ್ತೆ ಆಟಕ್ಕೆ ತಿರುಗಿಸಲು ಶಿಶುವಿಹಾರದ ಉನಾಯ್ಸಿ ಮೇಡಂಗೆ ತಿಂಗಳುಗಳೇ ಹಿಡಿದಿದ್ದವು.

ಇನ್ನು ಹೊಸ ವರ್ಷಕ್ಕೆ ರಸ್ತೆಯಾಚೆಯ ದೊಡ್ಡ ಸ್ಕೂಲು, ಒಂದನೇ ಕ್ಲಾಸು. "ಅಲ್ಲೂ ಇದೇ ರಂಪ ಆದ್ರೆ ನಾನು ಹೋಟೆಲ್ ಕೆಲಸ ಬಿಟ್ಟು ಮನೇಲಿ ಕೂರ್ತೀನಿ ಅತ್ತೆ," ಎಂದು ಸೊಸೆ ಹೇಳಿದ ದಿನದಿಂದ ಆಜಿಗೆ ಅನ್ನ ಇಳಿಯುತ್ತಿರಲಿಲ್ಲ.

ನವೆಂಬರಿನಲ್ಲಿ ಉನಾಯ್ಸಿ ಮೇಡಂ ಒಂದನೇ ಕ್ಲಾಸಿನ ಪ್ರಣೀಲ್ ಮಾಸ್ಟರನ್ನೇ ಶಿಶುವಿಹಾರಕ್ಕೆ ಕರೆಸಿದರು. ಮಕ್ಕಳು ಮಾಸ್ಟರ ಹತ್ತಿರ ಹೋಗುವ ಮುಂಚೆ ಮಾಸ್ಟರು ಮಕ್ಕಳ ಹತ್ತಿರ ಬರಲಿ ಅಂತ. ಆರಡಿ ಮನುಷ್ಯ ಚಾಪೆಯ ಮೇಲೆ ಕಾಲು ಮಡಿಸಿಕೊಂಡು ಕೂತು, ಆಟಿಕೆ ಎತ್ತಿಡುವ ಹಾಡನ್ನು ಮಕ್ಕಳಿಂದಲೇ ಕಲಿತ. ಶಿವಾಂಜನಿ ಮಾತ್ರ ಮೇಜಿನಡಿ.

"ಯಾಕಮ್ಮಾ ಅಲ್ಲಿ?" ಎಂದರು ಮೇಡಂ.

ಮೇಜಿನಡಿಯಿಂದ ಬಂದದ್ದು ಸಾಕ್ಷಾತ್ ಧನಮತಿಯ ದನಿ, ಕೆಮ್ಮು ಸಮೇತ: "ಖುಕ್ಕ್! ಊಟ ಮಾಡ್ತೀಯೋ ಇಲ್ವೋ? ಒಂದನೇ ಕ್ಲಾಸಿಗೆ ಹೋಗು, ಮಾಸ್ಟ್ರು ಕಿವಿ ಕಿತ್ತು ಕೈಗೆ ಕೊಡ್ತಾರೆ!"

ಎಲ್ಲರೂ ನಕ್ಕರು. ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಆಜಿ ಮಾತ್ರ ಸೆರಗಿನೊಳಗೆ ಅಡಗಿದಳು.

ಮಾಸ್ಟರು ಮೇಜಿನ ಮುಂದೆ ಬಗ್ಗಿ, "ನನಗೆ ನನ್ನ ಎರಡು ಕಿವಿಯೇ ಸಾಕು. ಎಣಿಸಿ ನೋಡ್ತೀಯಾ?" ಎಂದರು. ಒಂದು ಪುಟ್ಟ ಕೈ ಹೊರಬಂತು.

ರಜೆಗೆ ಶಿಶುವಿಹಾರ ಮುಚ್ಚುವ ಮುನ್ನ ಪೋಷಕರ ಸಭೆ. ಮೇಡಂ ಬೈಯುತ್ತಾರೆಂದೇ ಆಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಕೂತಳು. ಕೂತ ಮೇಲೆ ಸುಮ್ಮನಿರಲಾಗದೆ, "ನಮ್ಮ ಹುಡುಗಿ ನೂರರವರೆಗೂ ಎಣಿಸ್ತಾಳೆ, ಮೇಡಂ!" ಎಂದಳು.

"ಭೇಷ್ ಆಜಿ! ಊಟದ ಡಬ್ಬಿ ತೆಗೀತಾಳಾ?"

"ಅದಕ್ಕೆ ನಾನಿಲ್ವಾ?"

"ಒಂದನೇ ಕ್ಲಾಸಲ್ಲಿ ನೀವೂ ಅಡ್ಮಿಷನ್ ತಗೋತೀರಾ?"

ನಗು ಅಡಗಿದ ಮೇಲೆ ಮೇಡಂ ನಿಧಾನಕ್ಕೆ ಹೇಳಿದರು: ಅಕ್ಷರ ಕಲಿಸೋಕೆ ಮಾಸ್ಟರಿದ್ದಾರೆ. ರಜೆಯಲ್ಲಿ ಮಗು ಡಬ್ಬಿ ತೆಗೆಯಲಿ, ಚೀಲ ತಾನೇ ಹೊರಲಿ, ಶೌಚಕ್ಕೆ ಹೋಗಬೇಕೆಂದು ಬಾಯಿಬಿಟ್ಟು ಕೇಳಲಿ, ಸರದಿ ಕಾಯಲಿ. ಹೊಸ ಶಾಲೆಯ ದಾರಿಯಲ್ಲಿ ಸುಮ್ಮನೆ ಓಡಾಡಿಸಿ. ಮಾಸ್ಟರ ಹೆಸರಲ್ಲಿ ಹೆದರಿಸಬೇಡಿ. "ಮತ್ತೆ, ಹೋಗುವಾಗ ಹೇಳಿ ಹೋಗಿ. ಯಾವಾಗ ಬರ್ತೀರೋ ಅದನ್ನೂ ಹೇಳಿ. ಗಡಿಯಾರ ಮಕ್ಕಳಿಗೆ ಗೊತ್ತಾಗಲ್ಲ. 'ಕತೆ ಮುಗಿದ ಮೇಲೆ' ಅಂದ್ರೆ ಗೊತ್ತಾಗತ್ತೆ. ಹೇಳಿದ ಹೊತ್ತಿಗೆ ಬಂದೇ ಬರಬೇಕು."

"ಹೇಳಿದ್ರೆ ಅಳ್ತಾಳೆ, ಮೇಡಂ."

"ಅಳ್ತಾಳೆ ಆಜಿ. ಹೇಳದೆ ಹೋದ್ರೆ ದಿನವಿಡೀ ನಿಮ್ಮನ್ನ ಹುಡುಕ್ತಾಳೆ. ಅಳು ಒಂದು ಗಳಿಗೆ ಅಷ್ಟೇ."

ಆ ಊರಲ್ಲಿ ಮಾವು ಹಣ್ಣಾಗುವ ಡಿಸೆಂಬರ್ ರಜೆಯಿಡೀ ಶಿವಾಂಜನಿ ಡಬ್ಬಿಯ ಮುಚ್ಚಳದ ಜೊತೆ ಕುಸ್ತಿಯಾಡಿದಳು. ರೊಟ್ಟಿ ಅಂಗಳಕ್ಕೆ ಹಾರಿದ್ದೂ ಉಂಟು, ಕೋಳಿಗಳು ಕೊಬ್ಬಿದ್ದೂ ಉಂಟು.

ಮೊದಲ ದಿನ. ಒಂದನೇ ಕ್ಲಾಸಿನ ಬಾಗಿಲಲ್ಲಿ ಮಾಸ್ಟರ ಪಕ್ಕ ನಿಂತಿದ್ದವರು ಉನಾಯ್ಸಿ ಮೇಡಂ! ಅವರ ಶಿಶುವಿಹಾರ ಮುಂದಿನ ವಾರ ತೆರೆಯುವುದಂತೆ. ಚೀಲ ನೇತುಹಾಕುವ ಗೂಟದ ಮೇಲೆ ಶಿಶುವಿಹಾರದಲ್ಲಿದ್ದ ಶಿವಾಂಜನಿಯ ಹಳೆಯ ಗುರುತು, ಅದೇ ಮಾವಿನಕಾಯಿ ಚಿತ್ರ. ಒಳಗೆ ಆಟಿಕೆ ಎತ್ತಿಡುವ ಅದೇ ಹಾಡು. ಈ ಹೆಂಗಸು ಮಗುವಿನ ಹಳೇ ಲೋಕವನ್ನೇ ಕಂಕುಳಲ್ಲಿ ಹೊತ್ತು ರಸ್ತೆ ದಾಟಿಸಿದ್ದಾಳಲ್ಲಾ ಎಂದುಕೊಂಡಳು ಆಜಿ.

ಶಿವಾಂಜನಿ ಆಟದ ಮರದ ತುಂಡುಗಳ ರಾಶಿಯಲ್ಲಿ ಮುಳುಗಿದಳು. ಈ ಕಡೆ ನೋಡುತ್ತಲೇ ಇಲ್ಲ. ಆಜಿಯ ಕಾಲುಗಳು ಹಳೆಯ ಚಾಳಿಯಲ್ಲಿ ತುರಿಸಿದವು. ಬಾಗಿಲು ತೆರೆದಿದೆ, ಬಸ್ಸು ಬರುವ ಹೊತ್ತು. ನಗುತ್ತಿರುವ ಮಗುವನ್ನು ಯಾಕೆ ಅಳಿಸಬೇಕು? ಒಂದು ಕಾಲು ಹೊಸ್ತಿಲಾಚೆ ಇಟ್ಟೂ ಆಗಿತ್ತು.

ಮೇಡಂ ನೋಡುತ್ತಿದ್ದರು.

ಆಜಿ ಕಾಲು ಹಿಂದೆಗೆದಳು. ಹೋಗಿ ಮಗುವಿನ ಮುಂದೆ ಕುಕ್ಕರಿಸಿದಳು. "ಪುಟ್ಟೀ, ನಾನು ಮಾರ್ಕೆಟ್ಟಿಗೆ ಹೋಗ್ತೀನಿ. ಕತೆ ಮುಗಿದ ಮೇಲೆ ಬರ್ತೀನಿ."

ಶಿವಾಂಜನಿ ಬೋರೆಂದು ಅತ್ತಳು. ಮಾಸ್ಟರು ಪಕ್ಕಕ್ಕೆ ಬಂದು ಕೂತರು. ಆಜಿ ಮತ್ತೆ ಮತ್ತೆ ಮುದ್ದಿಸದೆ ಎದ್ದಳು. ಗೇಟಿನವರೆಗೂ ಅಳು ಬೆನ್ನಟ್ಟಿತು. ಗೇಟಿನಾಚೆ ನಿಂತಿತು. ಅಲ್ಲಿಂದಾಚೆ ಅಳುತ್ತಿದ್ದವಳು ಆಜಿಯೇ.

ಮೊದಲ ವಾರ ಅರ್ಧ ದಿನ ಮಾತ್ರ. ಬದನೆಕಾಯಿ ಪಕ್ಕದವಳಿಗೆ ಒಪ್ಪಿಸಿ ಆಜಿ ಮುಂಚೆಯೇ ಬಂದು ಮರದಡಿ ಕಾದಳು. ಕತೆ ಮುಗಿಯಿತು. ಹೊರಗೆ ಬಂದ ಶಿವಾಂಜನಿ ಆಜಿಯನ್ನು ಕಂಡು ನಿಂತಳು. ಬಾಗಿಲು ಕಾಯುವ ಕಣ್ಣಲ್ಲ ಅದು. "ಡಬ್ಬಿ ನಾನೇ ತೆಗೆದೆ!" ಎಂದಳು.

ಮರುದಿನ ಬೆಳಿಗ್ಗೆ ಆಜಿ ಹೇಳಬೇಕಾದ್ದನ್ನೆಲ್ಲ ಹೇಳಿಯೂ ಬಾಗಿಲಲ್ಲೇ ತಡವರಿಸುತ್ತಿದ್ದಳು. ಶಿವಾಂಜನಿ ಸೊಂಟಕ್ಕೆ ಕೈಕೊಟ್ಟು, ಉನಾಯ್ಸಿ ಮೇಡಂ ಥರವೇ ತಲೆ ವಾಲಿಸಿ, ಅವರದೇ ದನಿಯಲ್ಲಿ ಅಂದಳು:

"ಅಳು ಒಂದು ಗಳಿಗೆ ಅಷ್ಟೇ, ಆಜಿ. ಹೋಗಿ ಬನ್ನಿ."