ಕಣ್ಣು ಕೊಟ್ಟ ಸಾಕ್ಷಿ

ಕುತ್ತಿಗೆಯಿಂದ ಕೆಳಗೆ ಅಲ್ಲಾಡದ ಜಬ್ಬಾರನಿಗೆ ಕಣ್ಣೇ ಕೈ. ಎದುರಿನ ಕಂಪ್ಯೂಟರಿನ ಕ್ಯಾಮೆರಾ ಅವನ ನೋಟವನ್ನು ಹಿಂಬಾಲಿಸುತ್ತಿತ್ತು; ಪರದೆಯ ಮೇಲಿನ ಕೀಲಿಮಣೆಯಲ್ಲಿ ಯಾವ ಗುಂಡಿಯನ್ನು ಒಂದು ಸೆಕೆಂಡು ದಿಟ್ಟಿಸಿದರೂ ಅದು ಒತ್ತಿದಂತೆ; ಕೆಳಸಾಲಿನ ದೊಡ್ಡ ಗುಂಡಿಗಳಂತೂ ‘ನೀರು ಬೇಕು’, ‘ಚಹಾ ಬೇಕು’ ಎಂದು ಇಡೀ ಮಾತನ್ನೇ ಆಡುತ್ತಿದ್ದವು.

ಹಿರೇಹಳ್ಳಿ ಕಾರ್ಖಾನೆಯ ಹಳೆ ಗೆಳೆಯ ಕೆಂಚಪ್ಪ ಭಾನುವಾರ ನೋಡಲು ಬಂದ. ಜಬ್ಬಾರನ ಹೆಂಡತಿ ಹಸೀನಾ ಊಟಕ್ಕೆ ಕರೆದರೆ, “ಬ್ಯಾಡ ಕಣಮ್ಮ, ಉಂಡ್ಕೊಂಡೇ ಬಂದೀನಿ,” ಎಂದ. ಅಡುಗೆಮನೆಯಿಂದ ಬಿರಿಯಾನಿ ಘಮಘಮಿಸುತ್ತಿತ್ತು.

“ಕಣ್ಣಲ್ಲೇ ಬರೆಯಾದಾ? ಎಲ್ಲಾ ಕಣ್ಕಟ್ಟು ಬುಡ್ಲಾ,” ಎನ್ನುತ್ತ ಕೆಂಚಪ್ಪ ಗೆಳೆಯನ ಕೆನ್ನೆಗೆ ಕೆನ್ನೆ ತಾಗಿಸಿ ಪರದೆಯತ್ತ ಬಗ್ಗಿದ. ಜಬ್ಬಾರ್ ಮೆಲ್ಲಗೆ ಕಣ್ಣು ಮುಚ್ಚಿದ. ಅವನ ಕಣ್ಣು ಸಿಗದ ಕ್ಯಾಮೆರಾ ಪಕ್ಕದವನ ಕಣ್ಣು ಹಿಡಿಯಿತು.

“ಬಿರಿಯಾನಿ ಬೇಕು,” ಎಂದಿತು ಯಂತ್ರ.

ಹಸೀನಾ ಗಂಡನ ಮುಚ್ಚಿದ ರೆಪ್ಪೆ ನೋಡಿದಳು, ಕೆಂಚಪ್ಪನ ಮುಖ ನೋಡಿದಳು, ಅವನ ಮುಂದೆಯೇ ತಟ್ಟೆ ತಂದಿಟ್ಟಳು.

ಜಬ್ಬಾರ್ ಕಣ್ಣು ಬಿಟ್ಟು ಒಂದೊಂದೇ ಅಕ್ಷರ ದಿಟ್ಟಿಸಿ ಬರೆದ: “ಪಕ್ಕದ್ ಗುಂಡಿ ನೋಡ್ಲಾ, ಮೊಸರುಬಜ್ಜಿನೂ ಬರ್ತದೆ.”